ಸ್ಟ್ಯಾಂಡ್‌ಅಪ್ ಸಭೆಯ ನಡಾವಳಿ: ಏನು ಬರೆಯಬೇಕು, ಏನು ಬಿಡಬೇಕು

ಬೆಳಗಿನ ಸ್ಟ್ಯಾಂಡ್‌ಅಪ್ ಸಭೆಯ ಟಿಪ್ಪಣಿಯನ್ನು ಯಾರು ಓದುತ್ತಾರೆ ಎಂದು ಮೊದಲು ಕೇಳಿಕೊಳ್ಳಿ. ಶಿವಮೊಗ್ಗದ ಕಚೇರಿಯಲ್ಲಿ ನಾಲ್ವರು, ಸಾಗರ ಮತ್ತು ಹೊಸನಗರದ ಮನೆಗಳಿಂದ ಒಬ್ಬೊಬ್ಬರು ಕೆಲಸ ಮಾಡುವ ತಂಡವನ್ನು ಎಣಿಸಿಕೊಂಡರೆ ಓದುವವರು ಮೂರೇ ಬಗೆ. ರಾತ್ರಿ ಹೋದ ಕರೆಂಟ್ ಬೆಳಿಗ್ಗೆಯೂ ಬಾರದೆ ಸಭೆಗೆ ಸೇರಲಾಗದವರು ಮೊದಲನೆಯವರು. ಶುಕ್ರವಾರದ ವಾರದ ಪರಿಶೀಲನೆಗೆ ಕೂರುವ ನಾವೇ ಎರಡನೆಯವರು. ‘ಇದನ್ನು ಹೀಗೇಕೆ ಮಾಡಿದಿರಿ’ ಎಂದು ಮೂರು ತಿಂಗಳ ನಂತರ ಕೇಳುವವರು ಮೂರನೆಯವರು.

ನಿನ್ನೆ ಯಾರು ಏನು ಮಾಡಿದರು ಎಂದು ತಿಳಿಯಲು ಈ ಮೂವರಲ್ಲಿ ಯಾರೂ ಟಿಪ್ಪಣಿ ತೆರೆಯುವುದಿಲ್ಲ. ಅದು ಟಿಕೆಟ್ ಬೋರ್ಡಿನಲ್ಲಿದೆ, ಗಿಟ್ ಇತಿಹಾಸದಲ್ಲಿದೆ. ಆದರೂ ಹೆಚ್ಚಿನ ತಂಡಗಳ ಟಿಪ್ಪಣಿಯ ಮುಕ್ಕಾಲು ಪಾಲು ಅದೇ ಇರುತ್ತದೆ. ‘ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಅಡ್ಡಿ ಏನು’ ಎಂಬ ಮೂರು ಪ್ರಶ್ನೆಗಳನ್ನು ಆಧರಿಸಿ ಪ್ರತಿಯೊಬ್ಬರ ಹೆಸರಿನ ಕೆಳಗೆ ಮೂರು ಸಾಲು ತುಂಬುವ ಅಭ್ಯಾಸದಿಂದ ಬಂದದ್ದು ಇದು. ಸ್ಕ್ರಮ್ ಗೈಡ್ ಈ ಸಭೆಗೆ ಕೊಡುವುದು 15 ನಿಮಿಷ. ಆ ಮೂರು ಪ್ರಶ್ನೆಗಳನ್ನೂ 2020ರ ಆವೃತ್ತಿಯಲ್ಲಿ ಕೈಬಿಡಲಾಗಿದೆ. ಪ್ರಶ್ನೆಗಳನ್ನು ಬಾಯಲ್ಲಿ ಕೇಳಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ, ಉತ್ತರಗಳನ್ನೆಲ್ಲ ಬರೆದಿಡುವುದಕ್ಕೆ ಇದೆ.

ಟಿಪ್ಪಣಿಯಲ್ಲಿ ಉಳಿಯಬೇಕಾದದ್ದು ಮೂರು: ನಿರ್ಧಾರ, ಹೊಣೆ, ತಡೆ. ಬೇರೆ ಎಲ್ಲೂ ದಾಖಲಾಗದೆ ಗಾಳಿಗೆ ಹೋಗುವ ಮಾತುಗಳು ಇವು ಮಾತ್ರ.

ಸಭೆಗೆ ಮುನ್ನ

ಬರೆಯುವವರು ವಾರಕ್ಕೊಬ್ಬರಂತೆ ಬದಲಾಗಲಿ. ದಿನಕ್ಕೊಬ್ಬರು ಬದಲಾದರೆ ನಿನ್ನೆಯ ಬಾಕಿ ಯಾರಿಗೂ ನೆನಪಿರುವುದಿಲ್ಲ. ಸದಾ ಒಬ್ಬರೇ ಬರೆದರೆ, ಸಾಮಾನ್ಯವಾಗಿ ತಂಡದ ಕಿರಿಯರ ತಲೆಗೆ ಅದು ಕಟ್ಟಿಬಿಡುತ್ತದೆ, ಮತ್ತು ಕಿರಿಯರಿಗೆ ಹಿರಿಯರನ್ನು ತಡೆದು ‘ಸರ್, ಇದನ್ನು ಯಾರು ಮಾಡುತ್ತೀರಿ’ ಎಂದು ಕೇಳಲು ಸಂಕೋಚ. ಕೇಳದೆ ಈ ಕೆಲಸ ಆಗುವುದಿಲ್ಲ. ಆದ್ದರಿಂದ ಹಿರಿಯರೂ ಸರದಿಯಲ್ಲಿರಲಿ.

ಟಿಪ್ಪಣಿಗಳು ಕೋಡ್ ಇರುವ ರೆಪೊಸಿಟರಿಯಲ್ಲೇ ಒಂದು ಫೋಲ್ಡರಿನಲ್ಲಿ, ದಿನಕ್ಕೊಂದು ಸರಳ ಪಠ್ಯ ಫೈಲ್ ಆಗಿ ಇರಲಿ. ಫೈಲಿನ ಹೆಸರು `2024-11-12.md` ಎಂಬಂತೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿದ್ದರೆ ಪಟ್ಟಿ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತದೆ. ವೈಟ್‌ಬೋರ್ಡಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಸುಲಭ, ಆದರೆ ಫೋಟೊದೊಳಗಿನ ಅಕ್ಷರವನ್ನು ಆರು ವಾರದ ನಂತರ ಹುಡುಕಿ ತೆಗೆಯುವುದು ಕಷ್ಟ.

ಸಭೆಗೆ ಐದು ನಿಮಿಷ ಮೊದಲು ನಿನ್ನೆಯ ಫೈಲ್ ತೆರೆದು, ಇಂದಿನ ದಿನಾಂಕಕ್ಕೆ ಮುಗಿಯಬೇಕಿದ್ದ ಹೊಣೆಗಳನ್ನು ನೋಡಿಕೊಳ್ಳಿ. ಸಭೆ ಅವುಗಳಿಂದಲೇ ಆರಂಭವಾಗಲಿ. ಸಿದ್ಧತೆ ಇಷ್ಟೇ.

ಒಂದು ಬೆಳಗಿನ ಸಭೆ, ಹತ್ತಿರದಿಂದ

ಉದಾಹರಣೆಗೆ ಒಂದು ಸಭೆಯನ್ನು ಕಲ್ಪಿಸಿಕೊಳ್ಳೋಣ. ಹೆಸರುಗಳು, ಟಿಕೆಟ್ ಸಂಖ್ಯೆಗಳು ವಿವರಣೆಗಾಗಿ ಮಾತ್ರ. ತಂಡ ತಯಾರಿಸುತ್ತಿರುವುದು ಅಡಿಕೆ ಖರೀದಿ ಕೇಂದ್ರಗಳ ಆ್ಯಪ್. ರೈತರು ತಂದ ಚೀಲ ತೂಗಿ, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂದು ಗುರುತಿಸಿ, ಕೇಂದ್ರದವರು ಮೊಬೈಲಿನಲ್ಲಿ ನಮೂದಿಸುತ್ತಾರೆ. ಸಿಗ್ನಲ್ ಇಲ್ಲದಿದ್ದರೆ ನಮೂದು ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ಸರ್ವರಿಗೆ ಹೋಗುತ್ತದೆ. ಕೊಯ್ಲಿನ ಕಾಲ. ತೀರ್ಥಹಳ್ಳಿ ಕಡೆಯ ಕೇಂದ್ರದಿಂದ ದೂರು ಬಂದಿದೆ: ಒಂದೇ ಚೀಲ ಲೆಕ್ಕದಲ್ಲಿ ಎರಡು ಬಾರಿ ಕಾಣುತ್ತಿದೆ.

ಅಂದು 2024ರ ನವೆಂಬರ್ 12, ಮಂಗಳವಾರ. ಹನ್ನೆರಡು ನಿಮಿಷದ ಸಭೆ. ರವಿ, ವರದಿ ಮುದ್ರಣದ ಕೆಲಸ ನಿನ್ನೆ ಮುಗಿಯಿತು ಎಂದರು. ಸುಮಾ, ನಕಲು ನಮೂದಿನ ಕಾರಣ ಸಿಕ್ಕಿತು ಎಂದು ವಿವರಿಸಿದರು: ಸರ್ವರ್ ನಮೂದನ್ನು ಉಳಿಸಿಕೊಳ್ಳುತ್ತದೆ, ಆದರೆ ‘ಬಂತು’ ಎಂಬ ಉತ್ತರ ಫೋನಿಗೆ ತಲುಪುವ ಮೊದಲೇ ಸಂಪರ್ಕ ಕಡಿಯುತ್ತದೆ. ಫೋನು ಹೋಗಿಲ್ಲವೆಂದುಕೊಂಡು ಮತ್ತೆ ಕಳಿಸುತ್ತದೆ. ಯಾರೋ ಒಬ್ಬರು, ಅದೇ ರೈತ, ಅದೇ ತೂಕ, ಐದು ನಿಮಿಷದೊಳಗೆ ಮತ್ತೆ ಬಂದರೆ ಬಿಟ್ಟುಬಿಡೋಣ ಎಂದರು. ಒಂದೇ ತೂಕದ ಎರಡು ಚೀಲ ಒಂದರ ಹಿಂದೊಂದು ನಿಜವಾಗಿಯೂ ಬರುತ್ತವಲ್ಲ ಎಂದು ಸುಮಾ ತಡೆದರು. ನಮೂದು ಹುಟ್ಟುವಾಗಲೇ ಫೋನು ಅದಕ್ಕೊಂದು ವಿಶಿಷ್ಟ ಗುರುತು ಕೊಡಲಿ, ಅದೇ ಗುರುತು ಮತ್ತೆ ಬಂದರೆ ಸರ್ವರ್ ಎರಡನೆಯ ಸಲ ಸೇರಿಸದಿರಲಿ ಎಂದು ಎಲ್ಲರೂ ಒಪ್ಪಿದರು. ಹಳೆಯ ಆವೃತ್ತಿಯ ಆ್ಯಪ್ ಇರುವ ಫೋನುಗಳದ್ದೇನು ಎಂಬ ಮಾತು ಬಂತು, ದೀಪಾ ಪರೀಕ್ಷಿಸಬೇಕು ಎಂದಾಯಿತು. ಅಷ್ಟರಲ್ಲಿ ಸಾಗರದಿಂದ ಸೇರಿದ್ದ ದೀಪಾ ಅವರ ಸಂಪರ್ಕ ಕಡಿದುಹೋಗಿತ್ತು. ಗ್ರಾಹಕರ ಲೆಕ್ಕ ವಿಭಾಗದಿಂದ ನಕಲಾದ ನಮೂದುಗಳ ಪಟ್ಟಿ ಇನ್ನೂ ಬಂದಿಲ್ಲ, ಕೇಳಬೇಕು ಎಂಬಲ್ಲಿಗೆ ಸಭೆ ಮುಗಿಯಿತು.

ಇದಕ್ಕೆ ಸಾಮಾನ್ಯವಾಗಿ ಬರೆಯುವ ಟಿಪ್ಪಣಿ ಹೀಗಿರುತ್ತದೆ:

```
ರವಿ: ವರದಿ ಮುದ್ರಣ ಮುಗಿದಿದೆ. ಇಂದು 238 ಆರಂಭ.
ಸುಮಾ: ನಕಲು ನಮೂದಿನ ಬಗ್ಗೆ ವಿವರಿಸಿದರು. ವಿವರವಾಗಿ ಚರ್ಚಿಸಲಾಯಿತು.
ಹಳೆಯ ಆವೃತ್ತಿ ಪರೀಕ್ಷಿಸಬೇಕು.
ಲೆಕ್ಕ ವಿಭಾಗದಿಂದ ಪಟ್ಟಿ ಬರಬೇಕು.
```

ಚಿಕ್ಕದಾಗಿಯೇ ಇದೆ. ಆದರೆ ದೀಪಾ ಇದನ್ನು ಓದಿದರೆ ತನಗೊಂದು ಕೆಲಸ ಬಂದಿದೆ ಎಂದು ತಿಳಿಯುವುದಿಲ್ಲ. ಚರ್ಚೆಯಿಂದ ಏನು ತೀರ್ಮಾನವಾಯಿತು ಎಂಬುದು ಇಲ್ಲ. ಪಟ್ಟಿಯನ್ನು ಯಾರು ಕೇಳುತ್ತಾರೆ ಎಂಬುದೂ ಇಲ್ಲ. ಅದೇ ಸಭೆಯ ಉಪಯೋಗಕ್ಕೆ ಬರುವ ಟಿಪ್ಪಣಿ ಇದು:

```
2024-11-12 ಮಂಗಳವಾರ, 9:45 ರಿಂದ 9:57
ಇಲ್ಲದವರು: ದೀಪಾ (9:50ರ ನಂತರ ಸಂಪರ್ಕವಿಲ್ಲ)

ನಿರ್ಧಾರ
- ನಕಲು ನಮೂದು ತಡೆಯಲು ಫೋನಿನಲ್ಲೇ entry_uuid ಕೊಡುವುದು (238).
  ರೈತ, ತೂಕ, ಸಮಯ ಹೋಲಿಸುವುದು ಬೇಡ:
  ಒಂದೇ ತೂಕದ ಎರಡು ಚೀಲ ನಿಜವಾಗಿಯೂ ಬರುತ್ತವೆ.

ಹೊಣೆ
- [ ] ರವಿ: ಆ್ಯಪ್‌ನಲ್ಲಿ entry_uuid, 14-11
- [ ] ಸುಮಾ: ಸರ್ವರ್‌ನಲ್ಲಿ entry_uuid ಪರಿಶೀಲನೆ, 14-11
- [ ] ದೀಪಾ: ಹಳೆಯ ಆವೃತ್ತಿಯಿಂದ ಪರೀಕ್ಷೆ, 15-11 (ಒಪ್ಪಿಗೆ ಬಾಕಿ)

ತಡೆ
- [ ] ನಕಲಾದ ನಮೂದುಗಳ ಪಟ್ಟಿ, ಗ್ರಾಹಕರ ಲೆಕ್ಕ ವಿಭಾಗದಿಂದ.
  8-11ರಂದು ಮೇಲ್ ಮಾಡಿದ್ದು. ರವಿ ಇಂದು ಮಧ್ಯಾಹ್ನದೊಳಗೆ ಫೋನ್ ಮಾಡುವುದು.
```

ವರದಿ ಮುದ್ರಣ ಮುಗಿದ ಸುದ್ದಿ ಇದರಲ್ಲಿಲ್ಲ. ರವಿ ಆ ಟಿಕೆಟನ್ನು ಬೋರ್ಡಿನಲ್ಲಿ ಮುಚ್ಚಿದ್ದಾರೆ, ಅಷ್ಟು ಸಾಕು.

ನಿರ್ಧಾರದ ಜೊತೆ ಕಾರಣ

ಮೇಲಿನ ಟಿಪ್ಪಣಿಯಲ್ಲಿ ನಾನು ಅತ್ಯಂತ ಬೆಲೆ ಕೊಡುವುದು ‘ಹೋಲಿಸುವುದು ಬೇಡ’ ಎಂಬ ಸಾಲಿಗೆ. ಆರಿಸಿಕೊಂಡ ದಾರಿ ಕೋಡಿನಲ್ಲಿ ಕಾಣುತ್ತದೆ, ಬಿಟ್ಟ ದಾರಿ ಎಲ್ಲೂ ಕಾಣುವುದಿಲ್ಲ. ಫೆಬ್ರುವರಿಯಲ್ಲಿ ತಂಡಕ್ಕೆ ಹೊಸಬರೊಬ್ಬರು ಬಂದು, ತೂಕವನ್ನೂ ಸಮಯವನ್ನೂ ಹೋಲಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲವಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ಕೋಡ್ ಬದಲಿಸಲು ಕೂತರೆ, ಅವರನ್ನು ನಿಲ್ಲಿಸುವುದು ಈ ಒಂದು ಸಾಲು. ಆ ಸಾಲಿಲ್ಲದಿದ್ದರೆ ರೈತರೊಬ್ಬರ ಎರಡನೆಯ ಚೀಲ ಲೆಕ್ಕದಿಂದ ಬಿದ್ದುಹೋಗುತ್ತದೆ, ಹಣ ಕಡಿಮೆ ಬರುತ್ತದೆ.

ಹೀಗಾಗಿ ನಿರ್ಧಾರ ಬರೆಯುವಾಗ ಎರಡು ತುಂಡು ಇರಲಿ: ಏನು ಒಪ್ಪಿದೆವು, ಯಾವುದನ್ನು ಏಕೆ ಬಿಟ್ಟೆವು. ಯಾರು ಸೂಚಿಸಿದರು, ಯಾರು ವಿರೋಧಿಸಿದರು ಎಂಬುದು ಬೇಡ. ಹೆಸರು ಸೇರಿದರೆ ಮುಂದಿನ ಸಭೆಯಲ್ಲಿ ಆ ವ್ಯಕ್ತಿ ಬಾಯಿ ಬಿಡಲು ಹಿಂಜರಿಯುತ್ತಾರೆ.

ಸ್ಟ್ಯಾಂಡ್‌ಅಪ್‌ನಲ್ಲಿ ಶುರುವಾದ ಮಾತು ಎರಡು ನಿಮಿಷ ದಾಟಿದರೆ, ಸಂಬಂಧಪಟ್ಟವರು ಸಭೆ ಮುಗಿದ ಮೇಲೆ ಕೂರುವುದು ವಾಡಿಕೆ. ಬೆಲೆಬಾಳುವ ನಿರ್ಧಾರಗಳು ಕಳೆದುಹೋಗುವುದು ಅಲ್ಲಿಯೇ. ನಮ್ಮ ಉದಾಹರಣೆಯಲ್ಲಿ ರವಿ ಮತ್ತು ಸುಮಾ ಸಭೆಯ ನಂತರ ಕೂತು ಇನ್ನೊಂದು ಸೂಕ್ಷ್ಮವನ್ನು ಗಮನಿಸಿದರು ಎಂದಿಟ್ಟುಕೊಳ್ಳಿ: ಅದೇ ಗುರುತು ಎರಡನೆಯ ಸಲ ಬಂದಾಗ ಸರ್ವರ್ ‘ತಪ್ಪು’ ಎಂದು ಉತ್ತರಿಸಬಾರದು, ‘ಬಂತು’ ಎಂದೇ ಉತ್ತರಿಸಬೇಕು. ಇಲ್ಲದಿದ್ದರೆ ಫೋನು ಅದನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಇದು ಅಂದಿನ ಫೈಲಿನ ನಿರ್ಧಾರದ ಕೆಳಗೆ ಅಂದೇ ಸೇರಬೇಕು. ಕೂತವರಲ್ಲಿ ಒಬ್ಬರು ಎದ್ದು ಹೋಗುವ ಮುನ್ನ ಒಂದು ಸಾಲು ಬರೆಯುವುದು ಎಂಬ ನಿಯಮವಿರಲಿ. ನಡಾವಳಿ ಬರೆಯುವವರಿಗೆ ಅಲ್ಲಿ ನಡೆದದ್ದು ಗೊತ್ತಿರುವುದಿಲ್ಲ, ಅವರನ್ನು ಕಾಯಬೇಡಿ.

ಹೊಣೆ: ಹೆಸರು ಒಂದು, ದಿನಾಂಕ ಒಂದು

ಸಭೆಯಲ್ಲಿ ನಾವು ಆಡುವ ಮಾತಿನಲ್ಲಿ ಹೆಚ್ಚಿನವುಗಳಿಗೆ ಕರ್ತೃ ಇರುವುದಿಲ್ಲ. ‘ನೋಡೋಣ’, ‘ಕೇಳಬೇಕು’, ‘ಮಾಡಿಸಿದರೆ ಆಯಿತು’, ‘ಅದೊಂದು ಆಗಬೇಕು’. ಸಭ್ಯತೆಯ ಮಾತುಗಳು ಇವು, ಯಾರ ಮೇಲೂ ಹೇರದ ಮಾತುಗಳು. ಬರೆಯುವವರ ಕಿವಿಗೆ ಇಂಥ ಮಾತು ಬಿದ್ದ ತಕ್ಷಣ ಪೆನ್ನು ನಿಲ್ಲಬೇಕು. ‘ಕೇಳಬೇಕು ಎಂದಿರಲ್ಲ, ರವಿ ಅವರೇ, ನೀವು ಕೇಳುತ್ತೀರಾ? ಇಂದು ಮಧ್ಯಾಹ್ನದೊಳಗೆ ಎಂದು ಬರೆದುಕೊಳ್ಳಲೇ?’ ಎಂದು ಅಲ್ಲೇ ಕೇಳಿ. ಹತ್ತು ಸೆಕೆಂಡಿನ ಪ್ರಶ್ನೆ. ಯಾರೂ ಒಪ್ಪದಿದ್ದರೆ ಆ ಕೆಲಸ ಸದ್ಯಕ್ಕೆ ಯಾರಿಗೂ ಬೇಕಿಲ್ಲವೆಂದು ಅರ್ಥ, ಬರೆಯದೆ ಬಿಡಿ.

ಒಂದು ಹೊಣೆಗೆ ಎರಡು ಹೆಸರು ಹಾಕಬೇಡಿ. ‘ರವಿ, ಸುಮಾ: entry_uuid’ ಎಂದಿದ್ದರೆ ಗುರುವಾರ ರವಿ ಸುಮಾರತ್ತ ನೋಡುತ್ತಾರೆ, ಸುಮಾ ರವಿಯತ್ತ. ಕೆಲಸ ಇಬ್ಬರದ್ದೇ ಆದರೆ ಮೇಲೆ ಮಾಡಿದಂತೆ ಎರಡು ಸಾಲು ಮಾಡಿ.

ದಿನಾಂಕವನ್ನು ಅಂಕೆಯಲ್ಲೇ ಬರೆಯಿರಿ. ‘ಸೋಮವಾರದೊಳಗೆ’ ಎಂದು ಬರೆದಾಗ ಯಾರೂ ಕ್ಯಾಲೆಂಡರ್ ನೋಡುವುದಿಲ್ಲ. ಈ ಉದಾಹರಣೆಯ ಮುಂದಿನ ಸೋಮವಾರ, ನವೆಂಬರ್ 18, ಕನಕದಾಸ ಜಯಂತಿಯ ರಜೆ. 18-11 ಎಂದು ಅಂಕೆ ಬರೆಯಲು ಹೊರಟವರು ಕ್ಯಾಲೆಂಡರ್ ತೆರೆಯುತ್ತಾರೆ, ಕೆಂಪು ಅಕ್ಷರ ಕಾಣುತ್ತದೆ, 19-11 ಎಂದು ತಿದ್ದುತ್ತಾರೆ.

ಮಲೆನಾಡಿನ ತಂಡಗಳಿಗೆ ಇನ್ನೊಂದು ನಿಯಮವನ್ನು ಒತ್ತಿ ಹೇಳುತ್ತೇನೆ. ಸಭೆಯಲ್ಲಿ ಇಲ್ಲದವರ ಮೇಲೆ, ಅಥವಾ ನಡುವೆ ಸಂಪರ್ಕ ಕಡಿದವರ ಮೇಲೆ ಹೊಣೆ ಹಾಕಿದರೆ, ‘ಒಪ್ಪಿಗೆ ಬಾಕಿ’ ಎಂದು ಪಕ್ಕದಲ್ಲಿ ಬರೆಯಿರಿ. ಅವರು ಹೂಂ ಎಂದ ಮೇಲೆ ಆ ಮಾತು ಅಳಿಸಿ. ಮಳೆಗಾಲದಲ್ಲಿ ಹೊಸನಗರದ ಕಡೆ ದಿನಗಟ್ಟಲೆ ಸಂಪರ್ಕ ಸಿಗದೆ ಹೋಗಬಹುದು. ಆ ಅವಧಿಯಲ್ಲಿ ಬೆನ್ನ ಹಿಂದೆ ಹಂಚಿಕೆಯಾದ ಕೆಲಸಕ್ಕೆ ಶುಕ್ರವಾರ ಉತ್ತರ ಕೊಡಬೇಕಾಗಿ ಬರುವುದು ಅನ್ಯಾಯ. ಮಧ್ಯಾಹ್ನದವರೆಗೂ ಉತ್ತರ ಬಾರದಿದ್ದರೆ ಬರೆದವರು ಫೋನ್ ಮಾಡಲಿ, ಅದೂ ಸಿಗದಿದ್ದರೆ ಮರುದಿನದ ಸಭೆಯ ಮೊದಲ ಮಾತು ಅದೇ ಆಗಲಿ.

ತಡೆ ಬರೆಯುವ ಬಗೆ

‘ತಡೆ: ಪಟ್ಟಿ ಬಂದಿಲ್ಲ’ ಎಂಬುದರಿಂದ ಪ್ರಯೋಜನವಿಲ್ಲ. ತಡೆಯ ಸಾಲು ನಾಲ್ಕು ವಿಷಯ ಹೇಳಬೇಕು: ಏನು ಬೇಕು, ಯಾರಿಂದ ಬೇಕು, ಯಾವಾಗ ಕೇಳಿದ್ದು, ಮುಂದೆ ಯಾರು ಬೆನ್ನು ಹತ್ತುತ್ತಾರೆ. ಇವುಗಳಲ್ಲಿ ಮೂರನೆಯದನ್ನೇ ಎಲ್ಲರೂ ಬಿಡುತ್ತಾರೆ. ‘8-11ರಂದು ಮೇಲ್ ಮಾಡಿದ್ದು’ ಎಂದಿದ್ದರೆ 12ಕ್ಕೆ ನಾಲ್ಕು ದಿನ ಆಯಿತೆಂದು ಎದ್ದು ಕಾಣುತ್ತದೆ, ಇನ್ನೊಂದು ಮೇಲ್ ಹಾಕುವ ಬದಲು ಫೋನ್ ಮಾಡುವುದು ಸರಿ ಎಂದು ತಾನಾಗಿಯೇ ಹೊಳೆಯುತ್ತದೆ. ತಡೆಗೆ ಕಾರಣರಾದವರು ತಂಡದ ಹೊರಗಿನವರಾದರೆ ವಿಭಾಗದ ಹೆಸರಿರಲಿ, ವ್ಯಕ್ತಿಯ ಬಗ್ಗೆ ಟೀಕೆ ಬೇಡ. ಈ ಫೈಲ್ ಒಂದಲ್ಲ ಒಂದು ದಿನ ಗ್ರಾಹಕರ ಕಣ್ಣಿಗೆ ಬೀಳುತ್ತದೆ.

ಕೊನೆಯ ಒಂದು ನಿಮಿಷ

ಸಭೆ ಮುಗಿಸುವ ಮುನ್ನ ಬರೆದವರು ಹೊಣೆ ಮತ್ತು ತಡೆಯ ಸಾಲುಗಳನ್ನು ಗಟ್ಟಿಯಾಗಿ ಓದಲಿ. ನಿರ್ಧಾರವನ್ನು ಓದುವುದು ಬೇಡ, ಓದಿದರೆ ಚರ್ಚೆ ಮತ್ತೆ ಏಳುತ್ತದೆ. ತನ್ನ ಹೆಸರು ಮತ್ತು ದಿನಾಂಕವನ್ನು ಕಿವಿಯಾರೆ ಕೇಳಿದವರು ‘ಹದಿನಾಲ್ಕಕ್ಕೆ ಆಗುವುದಿಲ್ಲ, ಹದಿನೈದು ಮಾಡಿ’ ಎಂದು ಆಗಲೇ ಹೇಳುತ್ತಾರೆ. ನಂತರ ಹತ್ತು ನಿಮಿಷದೊಳಗೆ ಫೈಲ್ ರೆಪೊಸಿಟರಿಗೂ, ಅದೇ ಪಠ್ಯ ಗುಂಪಿಗೂ ಹೋಗಲಿ. ತಿದ್ದಿ ತೀಡಿ ಚೆಂದಗಾಣಿಸಲು ಸಂಜೆಯವರೆಗೆ ಇಟ್ಟುಕೊಂಡರೆ, ದೀಪಾ ಅವರಂಥವರಿಗೆ ಒಂದು ಇಡೀ ದಿನ ನಷ್ಟ.

ಉದ್ದದ ವಿಷಯಕ್ಕೆ ಬಂದರೆ, ಆರು ಜನರ ತಂಡದ ಟಿಪ್ಪಣಿ ಫೋನಿನ ಒಂದು ಪರದೆಯನ್ನು ಮೀರಬಾರದು ಎಂಬುದು ನನ್ನ ಅಳತೆ. ನಿರ್ಧಾರವೇ ಇಲ್ಲದ ದಿನ ಆ ತಲೆಬರಹ ಖಾಲಿ ಬಿಡಿ. ಖಾಲಿಯನ್ನು ತುಂಬಲು ‘ಕೆಲಸದ ಪ್ರಗತಿಯನ್ನು ಪರಿಶೀಲಿಸಲಾಯಿತು’ ಎಂದು ಬರೆದರೆ, ನಿಜವಾದ ಸಾಲುಗಳನ್ನೂ ಜನ ಹಾರಿಸಿ ಓದಲು ಕಲಿಯುತ್ತಾರೆ. ರಜೆಯಲ್ಲಿರುವವರ ಹೆಸರಿನ ಮುಂದೆ ‘ರಜೆ’ ಎಂದಷ್ಟೇ ಸಾಕು. ಜ್ವರವೋ, ಮನೆಯ ಕಾರ್ಯವೋ, ಅದು ದಾಖಲೆಗೆ ಸೇರಬೇಕಾದದ್ದಲ್ಲ.

ಶುಕ್ರವಾರದ ಪರಿಶೀಲನೆ

ದಿನದ ಟಿಪ್ಪಣಿಗಳು ಹೀಗಿದ್ದರೆ ವಾರದ ಪರಿಶೀಲನೆಗೆ ಹೊಸದಾಗಿ ಬರೆಯುವುದು ಬಹಳ ಕಡಿಮೆ. ಮುಗಿದ ಹೊಣೆಯ ಚೌಕದಲ್ಲಿ `x` ಹಾಕುತ್ತ ಬಂದಿದ್ದರೆ, ಮುಗಿಯದವುಗಳನ್ನು ಒಂದೇ ಆದೇಶ ಹುಡುಕಿಕೊಡುತ್ತದೆ. ಟಿಪ್ಪಣಿಗಳ ಫೋಲ್ಡರಿನ ಹೆಸರು `notes` ಎಂದಾದರೆ:

```
grep -rnF -e '- [ ]' notes/
```

ಇಲ್ಲಿ `-F` ಇರುವುದು ಚೌಕ ಕಂಸಗಳನ್ನು ಬರೆದಂತೆಯೇ ಹುಡುಕಲು. ಹುಡುಕುವ ಪದ ಅಡ್ಡಗೆರೆಯಿಂದ ಆರಂಭವಾಗುವುದರಿಂದ `-e` ಬೇಕು. ಪ್ರತಿ ಸಾಲಿನ ಮುಂದೆ ಫೈಲಿನ ಹೆಸರು ಬರುತ್ತದೆ, ಅಂದರೆ ಆ ಹೊಣೆ ಯಾವ ದಿನ ಹುಟ್ಟಿದ್ದೆಂದು ತಿಳಿಯುತ್ತದೆ.

ನವೆಂಬರ್ 15ರ ಶುಕ್ರವಾರ ನಮ್ಮ ತಂಡಕ್ಕೆ ಸಿಕ್ಕಿದ್ದು ಒಂದೇ ಸಾಲು: ದೀಪಾ ಅವರ ಪರೀಕ್ಷೆ. ಹಳೆಯ ಆವೃತ್ತಿ ಇರುವ ಫೋನು ಅವರ ಬಳಿ ಇರಲಿಲ್ಲ, ಕಚೇರಿಯಿಂದ ಬಸ್ಸಿನಲ್ಲಿ ಕಳಿಸಬೇಕಿತ್ತು. ದಿನಾಂಕ ಮುಂದೆ ಹಾಕುವಾಗ ಹಳೆಯದನ್ನು ಅಳಿಸಬೇಡಿ:

```
- [ ] ದೀಪಾ: ಹಳೆಯ ಆವೃತ್ತಿಯಿಂದ ಪರೀಕ್ಷೆ, 15-11, 19-11
      (ಫೋನು ಇರಲಿಲ್ಲ. ರವಿ 16-11ಕ್ಕೆ ಕಳಿಸುವುದು)
```

ಒಂದು ಹೊಣೆಯ ಮುಂದೆ ಮೂರು ದಿನಾಂಕ ಸೇರಿದರೆ ಎಚ್ಚರಗೊಳ್ಳಿ. ತೊಂದರೆ ಹೆಚ್ಚಿನ ಸಲ ಕೆಲಸದ ಗಾತ್ರದಲ್ಲಿರುತ್ತದೆ ಅಥವಾ ಟಿಪ್ಪಣಿಗೆ ಬಾರದ ತಡೆಯೊಂದರಲ್ಲಿರುತ್ತದೆ. ‘ಏಕೆ ಆಗಲಿಲ್ಲ’ ಎನ್ನುವುದಕ್ಕಿಂತ ‘ಇದನ್ನು ಆರಂಭಿಸಲು ಏನು ಬೇಕು’ ಎಂದು ಕೇಳಿ. ಉತ್ತರದ ಪ್ರಕಾರ ಕೆಲಸವನ್ನು ತುಂಡು ಮಾಡಿ, ತಡೆಯ ಪಟ್ಟಿಗೆ ಸರಿಸಿ, ಇಲ್ಲವೇ ‘ಕೈಬಿಟ್ಟಿದೆ’ ಎಂದು ಬರೆದು ಮುಚ್ಚಿ. ಕೈಬಿಡುವುದೂ ಒಂದು ನಿರ್ಧಾರವೇ, ಕಾರಣದೊಡನೆ ಆ ವಾರದ ನಿರ್ಧಾರಗಳಲ್ಲಿ ಸೇರಲಿ.

ವಾರದ ನಡಾವಳಿಯಲ್ಲಿ ಹೊಸದಾಗಿ ಬರೆಯಬೇಕಾದದ್ದು ಬಿಡುಗಡೆಯ ದಿನಾಂಕ ಮಾತ್ರ: ಕಳೆದ ವಾರ ಏನಿತ್ತು, ಈಗ ಏನು, ಬದಲಾದರೆ ಯಾವ ಹೊಣೆ ಅಥವಾ ತಡೆಯಿಂದ. ‘ಶೇಕಡಾ 80 ಮುಗಿದಿದೆ’ ಎಂಬ ಲೆಕ್ಕ ಬೇಡ. ಅದನ್ನು ಅಳೆಯುವ ಕೋಲು ಯಾರ ಬಳಿಯೂ ಇಲ್ಲ, ಮತ್ತು ಅದು ವಾರಗಟ್ಟಲೆ 80ರಲ್ಲೇ ನಿಂತಿರುತ್ತದೆ. ‘ಆ್ಯಪ್ ಮತ್ತು ಸರ್ವರ್ ಸಿದ್ಧ, ಹಳೆಯ ಆವೃತ್ತಿಯ ಪರೀಕ್ಷೆ ಬಾಕಿ, ಆದ್ದರಿಂದ ಬಿಡುಗಡೆ 18ರ ಬದಲು 20-11’ ಎಂದು ಬರೆದರೆ ಗ್ರಾಹಕರಿಗೂ ಅರ್ಥವಾಗುತ್ತದೆ. ಗ್ರಾಹಕರಿಗೆ ಕಳಿಸುವ ಪ್ರತಿಯಲ್ಲಿ ಈ ಭಾಗ ಮತ್ತು ಅವರ ಕಡೆಯ ತಡೆಗಳು ಇದ್ದರೆ ಸಾಕು. ನಮ್ಮೊಳಗಿನ ಹೊಣೆಗಳ ಪಟ್ಟಿ ಅವರಿಗೆ ಬೇಕಿಲ್ಲ.

ಎಲ್ಲಿ ಇದು ಬೇಡ

ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವ ಇಬ್ಬರು ಮೂವರ ತಂಡಕ್ಕೆ ದಿನದ ನಡಾವಳಿ ಹೊರೆ. ಅಂಥವರು ನಿರ್ಧಾರಗಳಿಗಾಗಿ ಒಂದೇ ಫೈಲ್ ಇಟ್ಟುಕೊಂಡು, ನಿರ್ಧಾರವಾದ ದಿನ ಮಾತ್ರ ಒಂದು ಸಾಲು ಸೇರಿಸಲಿ, ಹೊಣೆಗಳನ್ನು ನೇರ ಟಿಕೆಟ್ ಮಾಡಲಿ. ಇನ್ನು ಸರ್ಕಾರಿ ಅಥವಾ ಬ್ಯಾಂಕಿನ ಯೋಜನೆಗಳಲ್ಲಿ ಒಪ್ಪಂದವೇ ಹಾಜರಾತಿ, ಸಹಿ, ನಿಗದಿತ ನಮೂನೆ ಕೇಳಬಹುದು. ಆ ದಾಖಲೆಯನ್ನು ವಾರಕ್ಕೊಮ್ಮೆ ಅವರ ನಮೂನೆಯಲ್ಲಿ ಬೇರೆಯಾಗಿಯೇ ತುಂಬಿ, ಬೆಳಗಿನ ಟಿಪ್ಪಣಿಗೆ ಬೆರೆಸಬೇಡಿ.

ಟಿಪ್ಪಣಿ ಕೆಲಸಕ್ಕೆ ಬರುತ್ತಿದೆಯೇ ಎಂದು ನೋಡಲು ಸಭೆಯಲ್ಲಿಲ್ಲದಿದ್ದವರನ್ನೇ ಕೇಳಿ. ಮಂಗಳವಾರ ಮಧ್ಯಾಹ್ನ ಕರೆಂಟ್ ಬಂದ ಮೇಲೆ ಫೈಲ್ ಓದಿದ ದೀಪಾ ಯಾರಿಗೂ ಫೋನ್ ಮಾಡದೆ ತಮ್ಮ ಕೆಲಸ ಶುರು ಮಾಡಿದರೆ ಬರೆದದ್ದು ಸಾಕಾಗಿದೆ. ‘ಬೆಳಿಗ್ಗೆ ಏನಾಯಿತು’ ಎಂದು ಅವರು ಕೇಳಬೇಕಾಗಿ ಬಂದರೆ, ಆಗ ನೀವು ಬಾಯಲ್ಲಿ ಕೊಡುವ ಉತ್ತರವನ್ನು ಗಮನಿಸಿ, ಅದೇ ಸಾಲನ್ನು ಆ ದಿನದ ಫೈಲಿಗೆ ಸೇರಿಸಿ.